6.4 ಓವರ್‌ಗೆ ಆಲ್ ಔಟ್ ಆದ್ರೂ 10 ಓವರ್ ಅಂತ ಯಾಕೆ ಹಿಡೀತಾರೆ?

ಪ್ರಶ್ನೆ: ಸರ್, ನಮ್ದು ದಾವಣಗೆರೆ ನಿಟ್ಟುವಳ್ಳಿ ಟೀಮು. 10 ಓವರ್ ಟೆನ್ನಿಸ್ ಬಾಲ್ ಟೂರ್ನಮೆಂಟಲ್ಲಿ ನಾವು, ವಿನೋಬನಗರ, ಹಳೇಪೇಟೆ ಮೂರೂ ಟೀಮ್ 4 ಪಾಯಿಂಟ್. ವಿನೋಬನಗರದವ್ರನ್ನ ನಾವೇ ಸೋಲಿಸಿದ್ವಿ, ಆದ್ರೂ ನೆಟ್ ರನ್ ರೇಟ್ ಅಂತ ಹೇಳಿ ಅವರನ್ನ ಸೆಮಿಫೈನಲ್‌ಗೆ ಕಳಿಸಿದ್ರು. ನಾವು ಲೆಕ್ಕ ಹಾಕಿದ್ರೆ ನಮ್ದೇ ಜಾಸ್ತಿ ಬರುತ್ತೆ. ಸ್ಕೋರ್ ಶೀಟ್ ಕಳ್ಸಿದೀನಿ, ಯಾರ ಲೆಕ್ಕ ಸರಿ ಅಂತ ಹೇಳ್ರಿ.

ಉತ್ತರ: ಶೀಟ್ ಪೂರ್ತಿ ನೋಡ್ದೆ. ನಿಮ್ಮ ರನ್ನುಗಳ ಕೂಡೋ ಲೆಕ್ಕ ಎಲ್ಲಾ ಸರಿ ಐತೆ, ಬಾಲ್ ಲೆಕ್ಕನೂ ಸರಿ, ಆದ್ರೆ ಹಳೇಪೇಟೆ ಮೇಲಿನ ಮ್ಯಾಚಲ್ಲಿ ನೀವು ಹಿಡಿದಿರೋ ಓವರ್ ಸಂಖ್ಯೆ ಒಂದು ತಪ್ಪು, ಅದೊಂದರಿಂದ ಟೇಬಲ್ಲೇ ತಿರುಗಿ ಹೋಗೈತೆ. ಕಮಿಟಿಯವ್ರ ಲೆಕ್ಕ ಸರಿ ಇದೆ. ಯಾಕೆ ಅಂತ ಮೊದಲಿಂದ ಹೇಳ್ತೀನಿ, ಮುಂದಿನ ಟೂರ್ನಮೆಂಟಿಗಾದ್ರೂ ಉಪಯೋಗ ಆಗ್ಲಿ.

ನೆಟ್ ರನ್ ರೇಟ್ ಅಂದ್ರೆ ಇಷ್ಟೇ: ಇಡೀ ಟೂರ್ನಮೆಂಟಲ್ಲಿ ನೀವು ಒಂದು ಓವರ್‌ಗೆ ಎಷ್ಟು ರನ್ ಹೊಡೆದ್ರಿ, ಅದರಲ್ಲಿ ನೀವು ಒಂದು ಓವರ್‌ಗೆ ಎಷ್ಟು ರನ್ ಕೊಟ್ರಿ ಅನ್ನೋದನ್ನ ಕಳೀಬೇಕು. ಹೊಡೆದ ರನ್ ಎಲ್ಲಾ ಒಂದ್ಕಡೆ ಕೂಡಿ, ಆಡಿದ ಓವರ್ ಎಲ್ಲಾ ಕೂಡಿ, ಒಂದೇ ಸಲ ಭಾಗಿಸ್ಬೇಕು, ಆಮೇಲೆ ಬೌಲಿಂಗ್ ಕಡೆಯದ್ದೂ ಹಂಗೇ. ಒಂದೊಂದು ಮ್ಯಾಚಿಂದು ಬೇರೆ ಬೇರೆ ತೆಗೆದು ಅವನ್ನ ಕೂಡಿ ಮೂರರಿಂದ ಭಾಗಿಸೋರು ಸುಮಾರು ಜನ ಇದಾರೆ, ಅದು ಬೇರೆ ಉತ್ತರ ಕೊಡುತ್ತೆ, ಯಾಕಂದ್ರೆ ಬೇಗ ಮುಗಿದ ಸಣ್ಣ ಚೇಸಿಗೂ ಪೂರ್ತಿ 10 ಓವರ್ ಆಟಕ್ಕೂ ಆಗ ಒಂದೇ ತೂಕ ಸಿಕ್ಕಿಬಿಡುತ್ತೆ. ನೀವು ಆ ತಪ್ಪು ಮಾಡಿಲ್ಲ. ಇನ್ನೊಂದು ಮಾಮೂಲಿ ತಪ್ಪು ಬಾಲುಗಳದ್ದು, 8.3 ಓವರ್ ಅಂತ ಶೀಟಲ್ಲಿ ಇದ್ರೆ ಕ್ಯಾಲ್ಕುಲೇಟರಲ್ಲಿ 8.3 ಅಂತ ಒತ್ತಬಾರ್ದು, ಮೂರು ಬಾಲ್ ಅಂದ್ರೆ ಅರ್ಧ ಓವರ್, ಹಂಗಾಗಿ ಅದು 8.5. ಅದನ್ನೂ ನೀವು ಸರಿಯಾಗೇ ಮಾಡಿದೀರಿ.

ಈಗ ನಿಮ್ಮ ಮೂರು ಮ್ಯಾಚ್ ನೋಡೋಣ. ವಿನೋಬನಗರದ ಮೇಲೆ ನೀವು 10 ಓವರ್‌ಗೆ 92, ಅವರು 10 ಓವರ್‌ಗೆ 84, ನೀವು 8 ರನ್ನಿಂದ ಗೆದ್ರಿ. ವಿದ್ಯಾನಗರದವ್ರು 10 ಓವರ್‌ಗೆ 61 ಹೊಡೆದ್ರು, ನೀವು 8.3 ಓವರಲ್ಲಿ 62 ಮಾಡಿ ಗೆದ್ರಿ. ಹಳೇಪೇಟೆ ಮೇಲೆ 6.4 ಓವರ್‌ಗೆ 48ಕ್ಕೆ ಆಲ್ ಔಟ್, ಅವರು 5.3 ಓವರಲ್ಲಿ 49 ಹೊಡೆದು ಮುಗಿಸಿದ್ರು.

ಒಟ್ಟು ನೀವು ಹೊಡೆದಿದ್ದು 202 ರನ್. ನೀವು ಓವರ್ ಹಿಡಿದಿದ್ದು 10, 8.5, ಆಮೇಲೆ 6.4 ಅಂದ್ರೆ 6.67, ಕೂಡಿದ್ರೆ 25.17. ಭಾಗಿಸಿದ್ರೆ ಓವರ್‌ಗೆ 8.03. ಕೊಟ್ಟ ರನ್ 194, ಹಾಕಿದ ಓವರ್ 25.5, ಓವರ್‌ಗೆ 7.61. ಕಳೆದ್ರೆ ಪ್ಲಸ್ 0.42. ವಿನೋಬನಗರದ್ದು ಪ್ಲಸ್ 0.15. ನಿಮ್ಮ ಹುಡುಗ್ರಿಗೆ ಸಿಟ್ಟು ಬಂದಿದ್ದು ಇದೇ ಎರಡು ನಂಬರ್ ನೋಡಿ, ಈ ಲೆಕ್ಕ ನಂಬಿದ್ರೆ ಯಾರಿಗಾದ್ರೂ ಬರುತ್ತೆ.

ಆದ್ರೆ ನಿಯಮ ಏನಂದ್ರೆ ಒಂದು ಟೀಮ್ ಆಲ್ ಔಟ್ ಆದ್ರೆ ಅವರು ಎಷ್ಟೇ ಓವರ್ ಆಡಿರ್ಲಿ, ಅವರಿಗೆ ಸಿಗಬೇಕಿದ್ದ ಪೂರ್ತಿ ಓವರ್ ಆಡಿದ್ರು ಅಂತಲೇ ಹಿಡೀಬೇಕು. 10 ಓವರ್ ಮ್ಯಾಚಾದ್ರೆ 10, ಟಿ20 ಆದ್ರೆ 20, ಒನ್ ಡೇ ಆದ್ರೆ 50. ಐಸಿಸಿ ಟೂರ್ನಮೆಂಟಿಂದ ಹಿಡಿದು ಐಪಿಎಲ್‌ವರೆಗೂ ಇದೇ. ನಿಮ್ಮ 6.67 ಜಾಗದಲ್ಲಿ 10 ಹಾಕ್ರಿ. ಆಗ ಓವರ್ 28.5 ಆಗುತ್ತೆ, 202 ಭಾಗಿಸು 28.5 ಅಂದ್ರೆ 7.09, ಅದರಲ್ಲಿ 7.61 ಕಳೆದ್ರೆ ಮೈನಸ್ 0.52. ಪ್ಲಸ್ 0.42 ಇದ್ದಿದ್ದು ಮೈನಸ್ 0.52ಗೆ ಇಳೀತು.

ಈ ನಿಯಮ ಇಲ್ದೆ ಹೋದ್ರೆ ಏನಾಗುತ್ತೆ ಅಂತ ಒಂದ್ಸಲ ಯೋಚನೆ ಮಾಡಿ ನೋಡ್ರಿ. ಒಂದು ಟೀಮು 2 ಓವರಲ್ಲಿ 20ಕ್ಕೆ ಆಲ್ ಔಟ್ ಆಯ್ತು ಅನ್ಕೊಳ್ಳಿ, ಅವರ ರೇಟ್ ಓವರ್‌ಗೆ 10 ಬರುತ್ತೆ. ಇನ್ನೊಂದು ಟೀಮು ಕಷ್ಟಪಟ್ಟು ವಿಕೆಟ್ ಉಳಿಸ್ಕೊಂಡು 10 ಓವರ್ ಪೂರ್ತಿ ಆಡಿ 70 ಹೊಡೀತು, ಅವರದ್ದು 7. ಮೊದಲನೇ ಟೀಮಿಗೆ ಇದರಿಂದ ಲಾಭ ಆದ್ರೆ ಅದು ನ್ಯಾಯನಾ? ಔಟ್ ಆಗೋದ್ರಿಂದ ಉಳಿದ ಬಾಲು ವೇಸ್ಟ್ ಆಯ್ತು, ಆ ವೇಸ್ಟು ಲೆಕ್ಕಕ್ಕೆ ಬರ್ಲೇಬೇಕು. ನೀವು 48ಕ್ಕೆ ಹೋದಾಗ ಇನ್ನೂ 20 ಬಾಲು ಬಾಕಿ ಇತ್ತು, ಆ 20 ಬಾಲಲ್ಲಿ ನೀವು ಸೊನ್ನೆ ಹೊಡೆದ್ರಿ ಅಂತ ನಿಯಮ ಹೇಳ್ತಾ ಇದೆ, ಅಷ್ಟೇ.

ಎದುರಾಳಿ ಕಡೆಗೂ ಇದೇ ನಿಯಮ ಅನ್ನೋದನ್ನ ಮರೀಬೇಡ್ರಿ. ಹಳೇಪೇಟೆಯವ್ರು ನಿಮಗೆ ಹಾಕಿದ್ದು 6.4 ಓವರೇ ಆದ್ರೂ ಅವರ ಬೌಲಿಂಗ್ ಲೆಕ್ಕದಲ್ಲಿ 10 ಓವರ್‌ಗೆ 48 ಅಂತ ಹೋಗುತ್ತೆ, ಅವರಿಗೆ ಅದು ದೊಡ್ಡ ಲಾಭ. ಅದಕ್ಕೇ ಅವರು ಪ್ಲಸ್ 1.82 ಇಟ್ಕೊಂಡು ಗ್ರೂಪಲ್ಲಿ ಫಸ್ಟ್ ಬಂದ್ರು. ಚೇಸ್ ಮಾಡಿ ಗೆದ್ದ ಟೀಮಿಗೆ ಮಾತ್ರ ಆಡಿದಷ್ಟೇ ಓವರ್ ಹಿಡಿಯೋದು. ಇನ್ನು ಎಷ್ಟು ವಿಕೆಟ್ ಉಳಿಸಿಕೊಂಡು ಗೆದ್ರಿ ಅನ್ನೋದು ಈ ಲೆಕ್ಕಕ್ಕೆ ಬರೋದೇ ಇಲ್ಲ, 10 ವಿಕೆಟ್ಟಿಂದ ಗೆದ್ರೂ ಒಂದೇ, 1 ವಿಕೆಟ್ಟಿಂದ ಗೆದ್ರೂ ಒಂದೇ, ಎಷ್ಟು ಬಾಲಲ್ಲಿ ಅನ್ನೋದೊಂದೇ ಮುಖ್ಯ.

ಇದೇ ನಿಯಮದ ಏಟು ಪಾಕಿಸ್ತಾನಕ್ಕೆ 2019ರ ವರ್ಲ್ಡ್ ಕಪ್ಪಲ್ಲಿ ಬಿತ್ತು, ನಿಮ್ಮ ಕಥೆಗೆ ಅದು ಬಹಳ ಹತ್ರ ಇದೆ. ಮೊದಲ ಮ್ಯಾಚಲ್ಲೇ ವೆಸ್ಟ್ ಇಂಡೀಸ್ ಮೇಲೆ 21.4 ಓವರಲ್ಲಿ 105ಕ್ಕೆ ಆಲ್ ಔಟ್ ಆದ್ರು, ಲೆಕ್ಕಕ್ಕೆ ಹೋಗಿದ್ದು 50 ಓವರ್‌ಗೆ 105. ವೆಸ್ಟ್ ಇಂಡೀಸ್‌ನವ್ರು 13.4 ಓವರಲ್ಲಿ ಮುಗಿಸಿಬಿಟ್ರು. ಆಮೇಲೆ ಪಾಕಿಸ್ತಾನ ಚೆನ್ನಾಗಿ ಎದ್ದು ಬಂತು, ನ್ಯೂಜಿಲೆಂಡನ್ನೂ ಸೋಲಿಸ್ತು, ಕೊನೇಗೆ ಇಬ್ಬರದೂ 11 ಪಾಯಿಂಟ್, ಇಬ್ಬರದೂ 5 ಗೆಲುವು. ಆದ್ರೆ ನ್ಯೂಜಿಲೆಂಡ್ ಪ್ಲಸ್ 0.175, ಪಾಕಿಸ್ತಾನ ಮೈನಸ್ 0.430. ಸೆಮಿಫೈನಲ್‌ಗೆ ಹೋಗಿದ್ದು ನ್ಯೂಜಿಲೆಂಡು. ಪಾಕಿಸ್ತಾನದವ್ರು ಕೊನೇ ಮ್ಯಾಚಲ್ಲಿ ಬಾಂಗ್ಲಾದೇಶದ ಮೇಲೆ 315 ಹೊಡೆದ್ರೂ, ಮೇಲೆ ಹೋಗ್ಬೇಕು ಅಂದ್ರೆ ಬಾಂಗ್ಲಾನ 7 ರನ್ನೊಳಗೆ ಆಲ್ ಔಟ್ ಮಾಡ್ಬೇಕಿತ್ತು. ಒಂದು ಕೆಟ್ಟ ದಿನದ ಸಾಲ ತೀರಿಸೋಕೆ ಉಳಿದ ಮ್ಯಾಚುಗಳು ಸಾಲಲಿಲ್ಲ.

ಈಗ ನಿಮ್ಮ ಎರಡನೇ ಮಾತು, ನಾವೇ ಅವರನ್ನ ಸೋಲಿಸಿದ್ವಿ ಅನ್ನೋದು. ಇದು ಮನಸ್ಸಿಗೆ ನ್ಯಾಯ ಅನ್ಸೋ ಮಾತೇ. ಆದ್ರೆ ನಿಮ್ಮ ಗ್ರೂಪ್ ಪೂರ್ತಿ ನೋಡ್ರಿ: ನೀವು ವಿನೋಬನಗರನ ಸೋಲಿಸಿದ್ರಿ, ವಿನೋಬನಗರ ಹಳೇಪೇಟೆನ ಸೋಲಿಸ್ತು, ಹಳೇಪೇಟೆ ನಿಮ್ಮನ್ನ ಸೋಲಿಸ್ತು, ಮೂರೂ ಜನ ವಿದ್ಯಾನಗರನ ಸೋಲಿಸಿದ್ರಿ. ಸುತ್ತು ಹಾಕಿದಂಗಾಯ್ತು. ಯಾರು ಯಾರನ್ನ ಸೋಲಿಸಿದ್ರು ಅನ್ನೋದರ ಮೇಲೆ ಹೋದ್ರೆ ಮೂರೂ ಟೀಮಿಗೂ ಒಂದೊಂದು ಗೆಲುವು ಒಂದೊಂದು ಸೋಲು, ಅದು ಯಾರನ್ನೂ ಬೇರೆ ಮಾಡೋದಿಲ್ಲ. ವಿನೋಬನಗರದ ಮೇಲಿನ ಗೆಲುವನ್ನ ನೀವು ಮುಂದಿಟ್ರೆ, ಹಳೇಪೇಟೆ ಮೇಲಿನ ಗೆಲುವನ್ನ ಅವರೂ ಮುಂದಿಡ್ತಾರೆ. ಹಂಗಾಗಿ ಮೂರು ಟೀಮ್ ಸಮ ಆದಾಗ ರನ್ ರೇಟಿಗೆ ಹೋಗೋದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಎರಡೇ ಟೀಮ್ ಸಮ ಆಗಿದ್ರೆ ಮಾತು ಬೇರೆ, ಅಲ್ಲಿ ಟೂರ್ನಮೆಂಟ್ ಬರೆದಿಟ್ಟ ನಿಯಮದ ಮೇಲೆ ನಿಂತಿರುತ್ತೆ. 2019ರ ವರ್ಲ್ಡ್ ಕಪ್ಪಲ್ಲಿ ಮೊದಲು ಪಾಯಿಂಟು, ಆಮೇಲೆ ಗೆಲುವಿನ ಸಂಖ್ಯೆ, ಆಮೇಲೆ ರನ್ ರೇಟು, ಪರಸ್ಪರ ಆಡಿದ ಮ್ಯಾಚ್ ಫಲಿತಾಂಶ ಅದಾದ ಮೇಲೆ. ಗೆಲುವಿನ ಸಂಖ್ಯೆ ಯಾಕೆ ಬೇಕು ಅಂದ್ರೆ ಮಳೆ ಬಂದು ರದ್ದಾದ ಮ್ಯಾಚಿಗೂ ತಲಾ ಒಂದು ಪಾಯಿಂಟ್ ಸಿಗುತ್ತಲ್ಲ, ಹಂಗಾಗಿ ಪಾಯಿಂಟು ಒಂದೇ ಇದ್ರೂ ಗೆಲುವು ಹೆಚ್ಚು ಕಮ್ಮಿ ಇರಬಹುದು. ನನ್ನ ಅಭಿಪ್ರಾಯ ಕೇಳಿದ್ರೆ, ನಾಲ್ಕೇ ಟೀಮಿನ ಸಣ್ಣ ಗ್ರೂಪಲ್ಲಿ ಎರಡು ಟೀಮ್ ಸಮ ಆದ್ರೆ ಪರಸ್ಪರ ಮ್ಯಾಚ್ ಮೊದಲು ನೋಡೋದೇ ಒಳ್ಳೇದು, ಮೂರು ಮ್ಯಾಚಲ್ಲಿ ಒಂದು ಕೆಟ್ಟ ದಿನ ರನ್ ರೇಟನ್ನ ಪೂರ್ತಿ ನುಂಗಿಬಿಡುತ್ತೆ. ಆದ್ರೆ ಅದನ್ನ ಟೂರ್ನಮೆಂಟ್ ಶುರು ಆಗೋಕೆ ಮುಂಚೆ ಬರೆದಿಡಬೇಕು, ಟೇಬಲ್ ನೋಡಿದ ಮೇಲೆ ಕೇಳಿದ್ರೆ ಯಾವ ಕಮಿಟಿನೂ ಒಪ್ಪಲ್ಲ, ಒಪ್ಪಬಾರ್ದು ಕೂಡ.

ಶೀಟ್ ನೋಡ್ತಾ ನನಗೆ ನಿಜವಾಗ್ಲೂ ಬೇಜಾರಾಗಿದ್ದು ಬೇರೆ ಕಡೆ. ಹಳೇಪೇಟೆ ಮ್ಯಾಚ್ ಬಿಡ್ರಿ, ಆಲ್ ಔಟ್ ಯಾರಾದ್ರೂ ಆಗ್ತಾರೆ. ನೀವು ಸೆಮಿಫೈನಲ್ ಕಳ್ಕೊಂಡಿದ್ದು ಸುಲಭವಾಗಿ ಗೆದ್ದ ವಿದ್ಯಾನಗರ ಮ್ಯಾಚಲ್ಲಿ. 62 ರನ್ ಚೇಸು, 2 ವಿಕೆಟ್ ಅಷ್ಟೇ ಹೋಗಿತ್ತು, ಆದ್ರೂ 8.3 ಓವರ್ ತಗೊಂಡ್ರಿ. ಶೀಟಲ್ಲಿ ನಾಲ್ಕನೇ ಓವರಿಂದ ಆರನೇ ಓವರ್‌ವರೆಗೂ ಬರೀ ಸಿಂಗಲ್ಲು, ಚುಕ್ಕೆ. ಅದೇ ರನ್ನ 6 ಓವರಲ್ಲಿ ಹೊಡೆದಿದ್ರೆ ನಿಮ್ಮ ಒಟ್ಟು ಓವರ್ 26 ಆಗ್ತಿತ್ತು, 202 ಭಾಗಿಸು 26 ಅಂದ್ರೆ 7.769, ಅದರಲ್ಲಿ 7.608 ಕಳೆದ್ರೆ ಪ್ಲಸ್ 0.161. ವಿನೋಬನಗರದ್ದು ಪ್ಲಸ್ 0.153. ನೀವು ಹೋಗ್ತಿದ್ರಿ! 6.1 ಓವರ್ ಆಗಿದ್ರೆ ಪ್ಲಸ್ 0.112, ಆಗ ಅವರು ಹೋಗ್ತಿದ್ರು. ಒಟ್ಟು 15 ಬಾಲಿನ ವ್ಯತ್ಯಾಸ, ಅದೂ 8 ವಿಕೆಟ್ ಕೈಯಲ್ಲಿ ಇಟ್ಕೊಂಡು.

ಇನ್ನೊಂದು ಬಾಗಿಲೂ ತೆರೆದಿತ್ತು. ಹಳೇಪೇಟೆಯವ್ರು 49 ಹೊಡೆಯೋಕೆ 5.3 ಓವರ್ ತಗೊಂಡ್ರಲ್ಲ, ಅದನ್ನ 8 ಓವರ್‌ವರೆಗೂ ಎಳೆದಿದ್ರೆ ನೀವು ಸೋತ್ರೂ ಮೇಲೆ ಹೋಗ್ತಿದ್ರಿ. ನೀವು ಹಾಕಿದ ಓವರ್ 28 ಆಗ್ತಿತ್ತು, ಕೊಟ್ಟ ರೇಟ್ 6.93ಕ್ಕೆ ಇಳೀತಿತ್ತು, ನಿಮ್ಮ 7.09ರಲ್ಲಿ ಅದನ್ನ ಕಳೆದ್ರೆ ಪ್ಲಸ್ 0.159. ಸೋಲು ಗ್ಯಾರಂಟಿ ಅಂತ ಗೊತ್ತಾದ ಮೇಲೆ ಫೀಲ್ಡಿಂಗ್ ಹಿಂದಕ್ಕೆ ಹಾಕಿ ಬೌಂಡ್ರಿ ತಡೆಯೋದು, ಒಂದೊಂದೇ ರನ್ ಕೊಡೋದು, ಇದಕ್ಕೆ ಬೆಲೆ ಇದೆ. ಮ್ಯಾಚ್ ಹೋಯ್ತು ಅಂತ ಪಾರ್ಟ್ ಟೈಮ್ ಬೌಲರ್ ಕೈಗೆ ಬಾಲ್ ಕೊಟ್ರೆ ಟೇಬಲ್ಲಲ್ಲಿ ಅದರ ಬಿಲ್ಲು ಬರುತ್ತೆ. ನಿಮ್ಮ ಶೀಟಲ್ಲಿ ಐದನೇ ಓವರು 17 ರನ್ ಹೋಗಿದೆ, ಅದು ಯಾರು ಹಾಕಿದ್ದು ಅಂತ ನಿಮಗೇ ಗೊತ್ತಿರುತ್ತೆ.

ಚೇಸ್ ಮಾಡೋವಾಗ ಲೆಕ್ಕ ಗೊತ್ತಿರೋದು ಎಷ್ಟು ಮುಖ್ಯ ಅನ್ನೋಕೆ 2023ರ ಏಷ್ಯಾ ಕಪ್ ಒಂದನ್ನ ಹೇಳ್ತೀನಿ, ಯಾಕಂದ್ರೆ ಇದು ಕ್ಯಾಪ್ಟನ್‌ಗಳಿಗೆ ನಾನು ಯಾವಾಗ್ಲೂ ಬಿಡಿಸಿ ತೋರಿಸೋ ಮ್ಯಾಚು. ಲಾಹೋರಲ್ಲಿ ಶ್ರೀಲಂಕಾ 50 ಓವರ್‌ಗೆ 291 ಹೊಡೆದಿತ್ತು. ಅಫ್ಘಾನಿಸ್ತಾನ ಬರೀ ಗೆದ್ರೆ ಸಾಲ್ತಿರಲಿಲ್ಲ, ಶ್ರೀಲಂಕಾ ರನ್ ರೇಟ್ ದಾಟ್ಬೇಕಿತ್ತು, ಅದಕ್ಕೆ 292ನ 37.1 ಓವರಲ್ಲಿ ಹೊಡೀಬೇಕು ಅಂತ ಎಲ್ಲಾ ಕಡೆ ಹೇಳ್ತಿದ್ರು. 37 ಓವರ್ ಮುಗಿದಾಗ 289 ಆಗಿತ್ತು, ಒಂದು ಬಾಲು ಮೂರು ರನ್ನು. ಆ ಬಾಲಲ್ಲಿ ಮುಜೀಬ್ ಔಟಾದ್ರು. ಇನ್ನೊಂದು ತುದಿಯಲ್ಲಿ ರಶೀದ್ ಖಾನ್ ನಿಂತಿದ್ರು, ಅವರ ಮುಖ ನೋಡಿದ್ರೆ ಎಲ್ಲಾ ಮುಗೀತು ಅನ್ನೋ ಹಂಗಿತ್ತು. ಹೊಸದಾಗಿ ಬಂದ ಫಾರೂಖಿ ಎರಡು ಬಾಲು ತಡೆದ್ರು, ಮೂರನೇದಕ್ಕೆ ಎಲ್‌ಬಿಡಬ್ಲ್ಯೂ, 2 ರನ್ನಿಂದ ಸೋಲು.

ಆದ್ರೆ ಮುಜೀಬ್ ಔಟಾದಾಗ ಇನ್ನೂ ಎಲ್ಲಾ ಮುಗಿದಿರಲಿಲ್ಲ. 37.1 ಅನ್ನೋದು ಸರಿಯಾಗಿ 292ಕ್ಕೆ ಗೆದ್ರೆ ಮಾತ್ರ. ಗೆಲ್ಲೋ ಹೊಡೆತ ಸಿಕ್ಸರ್ ಆದ್ರೆ ಆ ಆರೂ ರನ್ ಲೆಕ್ಕಕ್ಕೆ ಸೇರುತ್ತೆ, 289ರಲ್ಲಿ ಒಂದು ಸಿಕ್ಸ್ ಬಿದ್ರೆ 295, ಅದು 37.4 ಓವರ್ ಒಳಗೆ ಆಗಿದ್ರೆ ಅಫ್ಘಾನಿಸ್ತಾನನೇ ಮುಂದೆ ಹೋಗ್ತಿತ್ತು. ಲೆಕ್ಕ ಹಾಕಿ ನೋಡ್ರಿ. ಅದಕ್ಕೂ ಮುಂಚೆ ಬಾಂಗ್ಲಾ ಮೇಲೆ ಅವರು 245ಕ್ಕೆ ಆಲ್ ಔಟ್, ಅಂದ್ರೆ 50 ಓವರ್. 245 ಕೂಡಿಸು 295 ಅಂದ್ರೆ 540, ಓವರ್ 50 ಕೂಡಿಸು 37.67, ಅಂದ್ರೆ 87.67, ರೇಟ್ 6.160. ಕೊಟ್ಟಿದ್ದು 334 ಮತ್ತೆ 291, ಒಟ್ಟು 625, ಓವರ್ 100, ರೇಟ್ 6.25. ಉಳಿಯೋದು ಮೈನಸ್ 0.090. ಶ್ರೀಲಂಕಾದ್ದು ಆಗ ಮೈನಸ್ 0.112 ಆಗ್ತಿತ್ತು. ಫಾರೂಖಿ ಆಡಿದ ಮೂರೂ ಬಾಲಲ್ಲಿ ದಾರಿ ತೆರೆದಿತ್ತು, ಒಂದು ಸಿಂಗಲ್ ತೆಗೆದು ರಶೀದ್‌ಗೆ ಸ್ಟ್ರೈಕ್ ಕೊಟ್ಟಿದ್ರೂ ಸಿಕ್ಸರ್‌ಗೆ ಅವಕಾಶ ಇತ್ತು. ಈ ಬೇರೆ ದಾರಿಗಳು ತಮಗೆ ಯಾರೂ ತಿಳಿಸಿರಲಿಲ್ಲ ಅಂತ ಕೋಚ್ ಜೊನಾಥನ್ ಟ್ರಾಟ್ ಆಮೇಲೆ ಹೇಳಿದ್ರು. ಅಷ್ಟು ದೊಡ್ಡ ಮಟ್ಟದ ಟೀಮಿಗೇ ಹಿಂಗಾಗುತ್ತೆ ಅಂದ್ರೆ ನಮ್ಮ ಹುಡುಗ್ರಿಗೆ ಬೌಂಡ್ರಿ ಲೈನ್ ಹತ್ರ ಒಬ್ಬರು ಪೆನ್ನು ಹಾಳೆ ಇಟ್ಕೊಂಡು ಕೂರೋದು ಎಷ್ಟು ಬೇಕು ಅಂತ ನೀವೇ ಯೋಚನೆ ಮಾಡ್ರಿ.

ಆ ಹಾಳೆಯಲ್ಲಿ ಏನಿರಬೇಕು ಅಂದ್ರೆ, ಚೇಸ್ ಶುರು ಆಗೋಕೆ ಮುಂಚೆನೇ ಎರಡು ಸಾಲು. ಒಂದು, ಗುರಿ ಸರಿಯಾಗಿ ಮುಟ್ಟಿದ್ರೆ ಎಷ್ಟು ಬಾಲಲ್ಲಿ ಮುಟ್ಬೇಕು. ಎರಡು, ಸ್ಕೋರ್ ಸಮ ಆದಾಗ ಸಿಕ್ಸರ್ ಹೊಡೆದು ಗೆದ್ರೆ ಎಷ್ಟು ಬಾಲ್ ಹೆಚ್ಚು ಸಿಗುತ್ತೆ. ಎರಡನೇದನ್ನ ಯಾರೂ ಬರ್ಕೊಳ್ಳಲ್ಲ. 10 ಓವರ್ ಆಟದಲ್ಲಿ ಅದು ಮೂರ್ನಾಲ್ಕು ಬಾಲಿನ ಲಾಭ ಕೊಡಬಹುದು. ನಿಮ್ಮ ವಿದ್ಯಾನಗರ ಮ್ಯಾಚನ್ನೇ ತಗೊಳ್ಳಿ, 62ಕ್ಕೆ ಗೆದ್ರೆ 6 ಓವರ್ ಒಳಗೆ, ಆದ್ರೆ 61 ಇದ್ದಾಗ ಸಿಕ್ಸ್ ಹೊಡೆದು 67 ಮಾಡಿದ್ರೆ ನಿಮ್ಮ ಒಟ್ಟು ರನ್ 207 ಆಗ್ತಿತ್ತು, ಆಗ 6.4 ಓವರ್ ತಗೊಂಡಿದ್ರೂ ನೀವೇ ಮುಂದೆ. ನಾಲ್ಕು ಬಾಲು ಎಕ್ಸ್ಟ್ರಾ ಸಿಕ್ಕಂಗೆ. ಆದ್ರೆ ಒಂದು ಮಾತು, ನೀವು ಆ ಮ್ಯಾಚ್ ಆಡೋ ಹೊತ್ತಿಗೆ ವಿನೋಬನಗರದ ಕೊನೇ ಮ್ಯಾಚ್ ಬಾಕಿ ಇತ್ತು, ಹಂಗಾಗಿ ಸರಿಯಾದ ಗುರಿ ಆವತ್ತು ಗೊತ್ತಾಗ್ತಿರಲಿಲ್ಲ. ಅದಕ್ಕೇ ಗ್ರೂಪಿನ ಮೊದಲ ಮ್ಯಾಚುಗಳಲ್ಲಿ ಗೆಲುವು ಖಾತ್ರಿ ಆದ ಮೇಲೆ ಬಾಲು ಉಳಿಸೋದು ಅಭ್ಯಾಸ ಆಗ್ಬೇಕು, ಕೊನೇ ಮ್ಯಾಚಲ್ಲಿ ಹಾಳೆ ನೋಡ್ಕೊಂಡು ಆಡ್ಬೇಕು. ಮೊದಲೇ ವಿಕೆಟ್ ಬಿದ್ದು ಗೆಲುವೇ ಅಲ್ಲಾಡ್ತಿದ್ರೆ ರನ್ ರೇಟ್ ಮರೆತುಬಿಡ್ರಿ, ಎರಡು ಪಾಯಿಂಟಿಗಿಂತ ದೊಡ್ಡದು ಯಾವುದೂ ಇಲ್ಲ.

ಇನ್ನು ಸಣ್ಣ ಪುಟ್ಟ ಸಂಗತಿ. ಟೈ ಆಗಿ ಸೂಪರ್ ಓವರ್ ಆಡಿದ್ರೆ ಅದರ ರನ್ನು ರನ್ ರೇಟಿಗೆ ಸೇರಲ್ಲ. ಫಲಿತಾಂಶ ಬರದೇ ರದ್ದಾದ ಮ್ಯಾಚಿನ ರನ್ನೂ ಓವರ್ರೂ ಎರಡೂ ಬಿಟ್ಟುಬಿಡ್ಬೇಕು. ಮಳೆಗೆ ಮ್ಯಾಚ್ ಶುರುವಿಂದಲೇ 6 ಓವರ್‌ಗೆ ಇಳಿಸಿದ್ರೆ ಆಲ್ ಔಟ್ ಆದ ಟೀಮಿಗೆ 6 ಓವರ್ ಹಿಡೀಬೇಕು, 10 ಅಲ್ಲ. ಮಧ್ಯದಲ್ಲಿ ಮಳೆ ಬಂದು ಗುರಿ ಬದಲಾದ್ರೆ ದೊಡ್ಡ ಟೂರ್ನಮೆಂಟಲ್ಲಿ ಮೊದಲು ಆಡಿದ ಟೀಮಿಗೆ ಅವರು ನಿಜವಾಗಿ ಹೊಡೆದ ರನ್ ಬದಲು ಹೊಸ ಗುರಿಗಿಂತ ಒಂದು ಕಮ್ಮಿ ರನ್ನು, ಎರಡನೇ ಟೀಮಿಗೆ ಸಿಕ್ಕಷ್ಟೇ ಓವರಲ್ಲಿ ಹೊಡೆದ್ರು ಅಂತ ಹಿಡೀತಾರೆ.

ನಮ್ಮ ಕಡೆ ಜಗಳ ಜಾಸ್ತಿ ಆಗೋದು ವಾಕ್ ಓವರ್ ವಿಷಯಕ್ಕೆ, ಒಂದು ಟೀಮು ಬರಲೇ ಇಲ್ಲ ಅಂದ್ರೆ ಇನ್ನೊಂದಕ್ಕೆ ಎರಡು ಪಾಯಿಂಟ್ ಕೊಡ್ತಾರೆ, ಆದ್ರೆ ರನ್ ರೇಟಿಗೆ ಏನು ಮಾಡ್ಬೇಕು ಅಂತ ಯಾರೂ ಬರೆದಿರಲ್ಲ. ಮುಂದಿನ ಸಲ ಎಂಟ್ರಿ ಫೀ ಕಟ್ಟೋವಾಗಲೇ ಕಮಿಟಿಯವ್ರನ್ನ ಮೂರು ಪ್ರಶ್ನೆ ಕೇಳಿ ಉತ್ತರ ಹಾಳೆ ಮೇಲೆ ಬರೆಸ್ಕೊಳ್ಳಿ: ಎರಡು ಟೀಮ್ ಸಮ ಆದ್ರೆ ಮೊದಲು ಏನು ನೋಡ್ತೀರಿ, ಮೂರು ಟೀಮ್ ಸಮ ಆದ್ರೆ ಏನು, ವಾಕ್ ಓವರ್ ಮ್ಯಾಚನ್ನ ರನ್ ರೇಟಿಗೆ ಸೇರಿಸ್ತೀರೋ ಬಿಡ್ತೀರೋ. ವಿನೋಬನಗರದ ಕ್ಯಾಪ್ಟನ್‌ಗೂ ಆ ಹಾಳೆಯ ಒಂದು ಜೆರಾಕ್ಸ್ ಕೊಡ್ರಿ.